“ವಾಪಸ್ ಬರ್ತೀಯಾ?” ಅನ್ನೋ ಪ್ರಶ್ನೆಗೆ ತಯಾರಿ

ಅಮೆರಿಕದಲ್ಲೇ ಹುಟ್ಟಿ ಬೆಳೆದವರಿಗೆ ಈ ಭಯದ ಪರಿಚಯ ಇರಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಚೆನ್ನೈನ ಅಣ್ಣಾ ಸಾಲೈನಲ್ಲಿ, ಜೆಮಿನಿ ಫ್ಲೈಓವರ್ ಪಕ್ಕ, ಅಮೆರಿಕದ ಕಾನ್ಸುಲೇಟ್ ಇದೆ. ಬೆಂಗಳೂರಿನಲ್ಲೂ 2025ರ ಜನವರಿಯಲ್ಲಿ ಒಂದು ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಇಲ್ಲದೆ. ಹಾಗಾಗಿ ಓದಲು ಬರುವ ಕರ್ನಾಟಕದ ಹುಡುಗ ಹುಡುಗಿಯರು ಸಾಮಾನ್ಯವಾಗಿ ರಾತ್ರಿ ಬಸ್ಸೋ ರೈಲೋ ಹಿಡಿದು ಚೆನ್ನೈಗೆ ಹೋಗುತ್ತಾರೆ. ಗಾಜಿನ ಆ ಕಡೆ ಅಧಿಕಾರಿ, ಈ ಕಡೆ ನಾವು, ನಿಂತುಕೊಂಡೇ ಮಾತು. ಹೆಚ್ಚಿನವರಿಗೆ ಎರಡು ಮೂರು ನಿಮಿಷ. ಒಂದೂವರೆ ವರ್ಷದ ತಯಾರಿ, ಅಪ್ಪನ ಸಾಲ, ಬಿಟ್ಟ ಕೆಲಸ, ಎಲ್ಲ ಆ ಮೂರು ನಿಮಿಷದ ಮೇಲೆ ನಿಂತಿರುತ್ತೆ.

ನಮ್ಮ ಚಿಕ್ಕಮ್ಮನ ಮಗಳಿಗೆ ಸ್ಯಾನ್ ಡಿಯೆಗೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್. ಓದಲು ಸೀಟು ಸಿಕ್ಕಿದಾಗ ಮನೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಇಲ್ಲೇ ಎಂ.ಎಸ್. ಮಾಡಿ ಈಗ ಕರ್ನಿ ಮೆಸಾದಲ್ಲಿ ಇರೋನು, ಡೇಟಾ ಸೈನ್ಸ್ ಕೆಲಸ, ಅವಳ ಕಾಲೇಜಿಗೆ ನಮ್ಮ ಮನೆ ಹತ್ತಿರ. ಬೇಸಿಗೆಯಲ್ಲಿ ನಮಗೂ ತಿಪಟೂರಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಾನು ಶನಿವಾರ ಕಾನ್ವಾಯ್ ಸ್ಟ್ರೀಟಲ್ಲಿ ತರಕಾರಿ ತಂದು, ಊಟ ಮುಗಿಸಿ ಫೋನ್ ಹಿಡಿದರೆ ಅಲ್ಲಿ ಭಾನುವಾರದ ತಿಂಡಿ ಹೊತ್ತು. ಹಾಗೆ ಐದು ವಾರ ಮಾತಾಡಿದ್ವಿ.

ಮೊದಲ ವಾರ ಅವಳು ಇಂಗ್ಲಿಷಿನಲ್ಲಿ ಒಂದು ಉತ್ತರ ಒಪ್ಪಿಸಿದಳು. ಅರ್ಥ ಇಷ್ಟು: ನಮ್ಮ ತಂದೆ ತಾಯಿಗೆ ವಯಸ್ಸಾಗಿದೆ, ಅವರನ್ನು ನೋಡಿಕೊಳ್ಳಬೇಕು, ಭಾರತದ ಆರ್ಥಿಕತೆ ವೇಗವಾಗಿ ಬೆಳೀತಿದೆ, ಆದ್ದರಿಂದ ಓದು ಮುಗಿದ ದಿನವೇ ವಾಪಸ್ ಬರುತ್ತೇನೆ. ಒಂದು ಕನ್ಸಲ್ಟೆನ್ಸಿಯವರು ಬರೆದುಕೊಟ್ಟಿದ್ದಂತೆ. ನಮ್ಮ ಚಿಕ್ಕಪ್ಪನಿಗೆ ಐವತ್ತೆರಡು. ಬೆಳಗ್ಗೆ ಐದಕ್ಕೆ ಎದ್ದು ತೋಟಕ್ಕೆ ನೀರು ಬಿಡೋ ಮನುಷ್ಯ. “ನಿಮ್ಮಪ್ಪಂಗೆ ಇದನ್ನ ಓದಿ ಹೇಳಿದ್ಯಾ?” ಅಂದೆ. “ಅಯ್ಯೋ ಅಣ್ಣಾ, ಬೇಡ” ಅಂತ ನಕ್ಕಳು.

ನಗು ಸರಿ, ಆದರೆ ಈ ಪ್ರಶ್ನೆ ಯಾಕೆ ಬರುತ್ತೆ ಅಂತ ತಿಳಿದುಕೊಳ್ಳಬೇಕು. ಅಮೆರಿಕದ ವಲಸೆ ಕಾನೂನು 1952ರದ್ದು. ಅದರ 214(ಬಿ) ಅನ್ನೋ ಕಲಮು ವೀಸಾ ಕೇಳುವ ಪ್ರತಿಯೊಬ್ಬರನ್ನೂ ‘ಇವರು ನೆಲೆಸಲು ಬರ್ತಿದ್ದಾರೆ’ ಅಂತ ಮೊದಲೇ ಭಾವಿಸಿಕೊಳ್ಳುತ್ತೆ. ಹಾಗಲ್ಲ ಅಂತ ತೋರಿಸೋ ಹೊಣೆ ಅರ್ಜಿದಾರರದ್ದು. ಕೆಲವು ವೀಸಾಗಳಿಗೆ ಇದರಿಂದ ವಿನಾಯಿತಿ ಇದೆ. ಉದ್ಯೋಗದ ಎಚ್-1ಬಿ ಅಂಥದ್ದು. ವಿದ್ಯಾರ್ಥಿಗಳ ಎಫ್-1ಗೆ ಆ ವಿನಾಯಿತಿ ಇಲ್ಲ. ತನ್ನ ದೇಶದಲ್ಲಿ ಒಂದು ನೆಲೆ ಇರಬೇಕು, ಅದನ್ನು ಬಿಟ್ಟುಬಿಡುವ ಉದ್ದೇಶ ಇರಬಾರದು ಅನ್ನುತ್ತೆ ಕಾನೂನು.

‘ಉದ್ದೇಶ’ ಅನ್ನೋ ಪದದ ಮೇಲೆ ನಾವಿಬ್ಬರೂ ಒಂದಿಡೀ ಶನಿವಾರ ಕಳೆದೆವು. ನನ್ನ ಕೆಲಸವೇ ಮುಂದೇನಾಗುತ್ತೆ ಅಂತ ಅಂದಾಜು ಹಾಕೋದು. ಇಲ್ಲಿ ಓದಲು ಬಂದವರಲ್ಲಿ ಬಹಳ ಜನ ಉಳಿದುಕೊಂಡಿರೋದು ನನಗೂ ಗೊತ್ತು, ಆ ಅಧಿಕಾರಿಗೂ ಗೊತ್ತು. ಆದರೆ ಅವರು ಕೇಳ್ತಿರೋದು ಅಂದಾಜನ್ನಲ್ಲ. ಇವತ್ತು, ಈ ಕಿಟಕಿ ಮುಂದೆ ನಿಂತಾಗ, ನಿನ್ನ ಯೋಜನೆ ಏನು? ಏಳು ವರ್ಷದ ನಂತರ ಮದುವೆಯಾಗಿ, ಕೆಲಸ ಬದಲಾಗಿ ಏನೋ ಆಗಬಹುದು ಅನ್ನೋ ಸಾಧ್ಯತೆ ಇವತ್ತಿನ ಉದ್ದೇಶವನ್ನು ಸುಳ್ಳು ಮಾಡಲ್ಲ. ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಬರೆದಿಟ್ಟಿರೋ ಕೈಪಿಡಿ ಯಾರು ಬೇಕಾದರೂ ಓದಬಹುದು. ಅದರ ಮಾತುಗಳನ್ನು ಆಗಾಗ ತಿದ್ದುತ್ತಾರೆ, ಹಾಗಾಗಿ ನನ್ನಂಥವರ ಹಳೇ ನೆನಪಿಗಿಂತ ಈಗಿನ ಪಠ್ಯವನ್ನೇ ನೋಡೋದು ಒಳ್ಳೇದು.

“ಅಣ್ಣಾ, ಒಂದು ವೇಳೆ ನಂಗೆ ಅಲ್ಲೇ ಇರಬೇಕು ಅಂತಾನೇ ಇದ್ದರೆ?” ಅಂತ ಕೇಳಿದಳು. ಹಾಗಿದ್ದರೆ ಈ ವೀಸಾ ನಿನಗಲ್ಲ ಪುಟ್ಟಿ, ನಾನು ಸಹಾಯ ಮಾಡಕ್ಕೂ ಆಗಲ್ಲ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಾಗೇನಿಲ್ಲ. ಆದ್ರೆ ಓದು ಮುಗಿದ ದಿನವೇ ಬರ್ತೀನಿ ಅನ್ನೋದೂ ನಿಜ ಅಲ್ಲ” ಅಂದಳು. ಅಲ್ಲಿಂದ ನಿಜವಾದ ತಯಾರಿ ಶುರುವಾಯಿತು.

ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಹೇಳು ಅಂದೆ. ಇಂಟರ್‌ವ್ಯೂ ಇಂಗ್ಲಿಷಿನಲ್ಲೇ ನಡೆಯೋದು, ನಿಜ. ಆದರೆ ಬಾಯಿಪಾಠದ ಇಂಗ್ಲಿಷ್ ವಾಕ್ಯಗಳಿಗೆ ನಮ್ಮ ತಿಪಟೂರಿನ ಕನ್ನಡದಲ್ಲಿ ಜಾಗವೇ ಇಲ್ಲ. ‘ಭಾರತದ ಆರ್ಥಿಕತೆ’ ಅಂತ ಯಾರೂ ಅಣ್ಣನ ಹತ್ತಿರ ಮಾತಾಡಲ್ಲ. ಅವಳು ಹೇಳಿದ್ದು ಇದು. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಬೆಳೆ ವಿಮೆಯ ಲೆಕ್ಕ ನೋಡೋ ಕಂಪನಿಯಲ್ಲಿ ಕೆಲಸ. ಫಸಲ್ ಬಿಮಾ ಯೋಜನೆಯಲ್ಲಿ ಒಂದು ಗ್ರಾಮ ಪಂಚಾಯಿತಿಯ ಮುಖ್ಯ ಬೆಳೆಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಹೊಲದಲ್ಲಿ ಒಂದು ಸಣ್ಣ ಚೌಕ ಗುರುತಿಸಿ, ಅಷ್ಟರ ರಾಗಿ ಕೊಯ್ದು ತೂಗಿ, ಆ ನಾಲ್ಕರ ಸರಾಸರಿಯ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಲ್ಲುತ್ತೆ. “ನಾಲ್ಕೇ ಹೊಲ ಅಣ್ಣ. ಒಂದು ಹೊಲಕ್ಕೆ ಬೋರ್‌ವೆಲ್ ಇದ್ದರೆ ಸರಾಸರಿನೇ ಮೇಲೆ ಹೋಗುತ್ತೆ, ಮಳೆ ನಂಬಿದೋರಿಗೆ ದುಡ್ಡು ಬರಲ್ಲ. ಅದನ್ನ ಹೆಂಗೆ ಸರಿ ಮಾಡೋದು ಅಂತ ನಂಗೆ ಗೊತ್ತಿಲ್ಲ. ನಾನು ಬರೀ ರಿಪೋರ್ಟ್ ತೆಗೀತೀನಿ.”

ಇದೇ ಓದಿನ ಉದ್ದೇಶ. ಸ್ಯಾಂಪಲ್ ಹೇಗೆ ಆರಿಸಬೇಕು, ಕಡಿಮೆ ಅಳತೆಗಳಿಂದ ಸಣ್ಣ ಪ್ರದೇಶದ ಅಂದಾಜು ಹೇಗೆ ತೆಗೀಬೇಕು ಅನ್ನೋದು ಸ್ಟ್ಯಾಟಿಸ್ಟಿಕ್ಸ್‌ನ ಒಂದು ವಿಭಾಗ. ಕೋರ್ಸ್‌ಗಳ ಪಟ್ಟಿ ತೆರೆದು ಯಾವುದು ಈ ಸಮಸ್ಯೆಗೆ ಬೇಕು ಅಂತ ಅವಳೇ ಗುರುತು ಹಾಕಿದಳು. ‘ಯಾಕೆ ಈ ಕಾಲೇಜು’ ಅಂದರೆ ರ್‍ಯಾಂಕಿಂಗ್ ಹೇಳೋದಕ್ಕಿಂತ ಇದು ಎಷ್ಟೋ ವಾಸಿ. ವಾಪಸ್ ಬರುವ ಮಾತೂ ಇದರೊಳಗೇ ಇತ್ತು: ರಾಗಿಯ ಆ ಲೆಕ್ಕ ಕರ್ನಿ ಮೆಸಾದಲ್ಲಿ ಯಾರಿಗೆ ಬೇಕು?

ಉಳಿದ ಗಂಟು ಓಪಿಟಿಯದು. ಎಫ್-1 ಮೇಲೆ ಓದಿದವರು ತಮ್ಮ ವಿಷಯದಲ್ಲೇ ಒಂದು ವರ್ಷ ಕೆಲಸದ ಅನುಭವ ಪಡೆಯಬಹುದು. ವಿಜ್ಞಾನ, ತಂತ್ರಜ್ಞಾನದ ಪದವಿಗಳಿಗೆ ಇನ್ನೂ ಎರಡು ವರ್ಷ ವಿಸ್ತರಣೆ ಕೇಳಬಹುದು. ಕನ್ಸಲ್ಟೆನ್ಸಿಯವರು ಆ ಹೆಸರೇ ಎತ್ತಬೇಡ ಅಂದಿದ್ದರಂತೆ. ನನಗೆ ಇದು ಸರಿ ಕಾಣಲಿಲ್ಲ. ಅದು ಆ ವೀಸಾದ ನಿಯಮಗಳೊಳಗೇ ಇರೋ ಅವಕಾಶ. ಕೇಳದೆ ಭಾಷಣ ಮಾಡಬೇಕಿಲ್ಲ, ಕೇಳಿದರೆ ಅಡಗಿಸಬೇಕಿಲ್ಲ. ಆದರೆ ಓಪಿಟಿ ಸಂಬಳದಿಂದ ಫೀಸು ಕಟ್ತೀನಿ ಅಂತ ಲೆಕ್ಕ ಹಾಕೋ ಹಾಗಿಲ್ಲ. ಓದಿನ ಖರ್ಚು ಅದಿಲ್ಲದೇ ತೂಗಬೇಕು. ಅವಳ ವಿಷಯದಲ್ಲಿ ಬ್ಯಾಂಕಿನ ಶಿಕ್ಷಣ ಸಾಲ, ಚಿಕ್ಕಪ್ಪ ಕೊಬ್ಬರಿ ಮಾರಿ ವರ್ಷಗಟ್ಟಲೆ ಕೂಡಿಟ್ಟ ಎಫ್‌ಡಿ, ಅವಳದೇ ಉಳಿತಾಯ, ಮೂರೂ ಸೇರಿ ತೂಗುತ್ತಿತ್ತು. ಖಾತೆಯಲ್ಲಿ ತೋರಿಸೋಕೆ ಅಂತ ಹದಿನೈದು ದಿನಕ್ಕೆ ಯಾರದೋ ದುಡ್ಡು ಹಾಕಿಸೋ ಸಲಹೆಯೂ ಬಂದಿತ್ತು. ಚಿಕ್ಕಪ್ಪನೇ ಒಲ್ಲೆ ಅಂದರು.

ಕೊನೆಗೆ ಅವಳ ಉತ್ತರ ಹೀಗಾಯಿತು, ನಾನು ಕನ್ನಡದಲ್ಲಿ ಕೊಡ್ತಿದ್ದೀನಿ: “ಓದಾದ ಮೇಲೆ ಅವಕಾಶ ಸಿಕ್ಕರೆ ಒಂದು ವರ್ಷ ಓಪಿಟಿ ಮಾಡುವ ಯೋಚನೆ ಇದೆ. ಆಮೇಲೆ ಬೆಂಗಳೂರಿಗೆ ಹೋಗಿ ಬೆಳೆ ವಿಮೆಯ ಕೆಲಸವನ್ನೇ ಮುಂದುವರಿಸಬೇಕು, ಈ ಸಲ ಮಾದರಿ ಕಟ್ಟುವ ತಂಡದಲ್ಲಿ.” ಹಳೇ ಕಂಪನಿ ಕಾದಿರುತ್ತೆ ಅಂತ ಹೇಳಲಿಲ್ಲ, ಯಾಕೆಂದರೆ ಯಾರೂ ಹಾಗೆ ಮಾತು ಕೊಟ್ಟಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ, ನಾಲ್ಕನೇ ವಾರ, ನನಗೆ ನಿಜವಾಗಿ ಗಾಬರಿ ಹುಟ್ಟಿಸಿದ್ದು ಡಿಎಸ್-160. ಅದು ಆನ್‌ಲೈನ್ ಅರ್ಜಿ. ಅಧಿಕಾರಿಯ ಪರದೆ ಮೇಲೆ ನಮಗಿಂತ ಮೊದಲು ಅದೇ ಇರುತ್ತೆ. ಕನ್ಸಲ್ಟೆನ್ಸಿಯವರು ತುಂಬಿ, ಕಳಿಸದೆ ಉಳಿಸಿಟ್ಟಿದ್ದ ಪ್ರತಿಯನ್ನು ಅವಳು ತೆರೆದು ಒಂದೊಂದೇ ಪುಟ ಓದಿದಳು. ಅಮೆರಿಕದಲ್ಲಿ ಹತ್ತಿರದ ಬಂಧುಗಳಿದ್ದಾರಾ ಅನ್ನೋ ಕಡೆ ‘ಇಲ್ಲ’. ಅದು ಸರಿ, ಯಾಕೆಂದರೆ ಅಲ್ಲಿ ಗಂಡ ಹೆಂಡತಿ, ಮದುವೆ ಗೊತ್ತಾದವರು, ಮಕ್ಕಳು, ಒಡಹುಟ್ಟಿದವರು ಮಾತ್ರ ಲೆಕ್ಕಕ್ಕೆ. ನಮ್ಮಲ್ಲಿ ದೊಡ್ಡಮ್ಮನ ಮಗ ಅಂದರೆ ಅಣ್ಣನೇ. ಆ ಫಾರಂ ಪ್ರಕಾರ ನಾನು ಅವಳ ಅಣ್ಣ ಅಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಬೇರೆ ಯಾರಾದರೂ ಬಂಧುಗಳಿದ್ದಾರಾ? ಅಲ್ಲೂ ‘ಇಲ್ಲ’ ಅಂತ ಒತ್ತಿದ್ದರು. ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರಾ ಅನ್ನೋದಕ್ಕೂ ‘ಇಲ್ಲ’!

ಇಲ್ಲಿ ಎರಡು ಬೇರೆ ಬೇರೆ ಅಪಾಯಗಳನ್ನು ಬಿಡಿಸಿ ನೋಡಬೇಕು. ಉತ್ತರ ಅಧಿಕಾರಿಗೆ ಮನವರಿಕೆ ಆಗಲಿಲ್ಲ ಅಂದರೆ 214(ಬಿ) ಕೆಳಗೆ ನಿರಾಕರಣೆ. ಅದಕ್ಕೆ ಮೇಲ್ಮನವಿ ಇಲ್ಲ, ಆದರೆ ಮತ್ತೆ ಫೀಸು ಕಟ್ಟಿ ಹೊಸದಾಗಿ ಅರ್ಜಿ ಹಾಕಬಹುದು. ವೀಸಾಕ್ಕೋಸ್ಕರ ಬೇಕೆಂದೇ ಮುಖ್ಯವಾದ ವಿಷಯದಲ್ಲಿ ಸುಳ್ಳು ಹೇಳಿದರೆ ಅನ್ವಯಿಸುವ ಕಲಮು ಬೇರೆ, 212(ಎ)(6)(ಸಿ). ಅದು ಜೀವನಪೂರ್ತಿ ತಡೆ. ದಾಟಬೇಕಾದರೆ ವಿಶೇಷ ರಿಯಾಯಿತಿ ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ದೊಡ್ಡಮ್ಮನ ಮಗ ಇದ್ದಾನೆ ಅಂದರೆ ವೀಸಾ ಹೋಗಿಬಿಡಲ್ಲ. ಇಲ್ಲ ಅಂತ ಬರೆದು, ‘ಎಲ್ಲಿ ಇರ್ತೀಯಾ’ ಅಂತ ಕೇಳಿದಾಗ ನನ್ನ ವಿಳಾಸ ಹೇಳಿದರೆ ಏನಾಗುತ್ತೆ ಅಂತ ಅವಳೇ ಲೆಕ್ಕ ಹಾಕಿಕೊಂಡಳು. ಎರಡನ್ನೂ ತಿದ್ದಿ, ಸಹಾಯ ಮಾಡಿದವರ ಹೆಸರೂ ತುಂಬಿ, ಸಹಿ ಹಾಕಿ ಕಳಿಸುವ ಬಟನ್ ಅವಳೇ ಒತ್ತಿದಳು. ಅದನ್ನು ಅರ್ಜಿದಾರರೇ ಒತ್ತಬೇಕು ಅಂತ ನಿಯಮವೂ ಇದೆ. ನೀವು ಈಗಾಗಲೇ ಕಳಿಸಿಬಿಟ್ಟಿದ್ದರೆ ಹೊಸ ಅರ್ಜಿ ತುಂಬಿ, ಅಪಾಯಿಂಟ್‌ಮೆಂಟಿನಲ್ಲಿರೋ ನಂಬರನ್ನು ಮೊದಲೇ ಹೊಸದಕ್ಕೆ ಬದಲಾಯಿಸಬೇಕು. ಎರಡೂ ನಂಬರ್ ತಾಳೆಯಾಗದಿದ್ದರೆ ಬಾಗಿಲಲ್ಲೇ ತೊಂದರೆ.

ಇಂಟರ್‌ವ್ಯೂ ದಿನ ನಾಲ್ಕು ಪ್ರಶ್ನೆ ಬಂತು. ಯಾಕೆ ಈ ಕೋರ್ಸ್, ಈಗಿನ ಕೆಲಸ ಏನು, ಖರ್ಚು ಯಾರದು, ಸ್ಯಾನ್ ಡಿಯೆಗೋದಲ್ಲಿ ಯಾರಿದ್ದಾರೆ. ನಾಲ್ಕು ಹೊಲದ ಸರಾಸರಿಯ ಕಥೆಗೆ ಆ ಅಧಿಕಾರಿ ಒಂದು ಮರುಪ್ರಶ್ನೆಯನ್ನೂ ಕೇಳಿದರಂತೆ, ಹೊಲಗಳನ್ನು ಆರಿಸೋದು ಯಾರು ಅಂತ. ವಾಪಸ್ ಬರುವ ಪ್ರಶ್ನೆ ಬರಲೇ ಇಲ್ಲ. ಪಾಸ್‌ಪೋರ್ಟ್ ಒಳಗೇ ಇಟ್ಟುಕೊಂಡು ವೀಸಾ ಮಂಜೂರಾಗಿದೆ ಅಂದರು. ಇದು ಒಬ್ಬಳ ಅನುಭವ. ಇದೇ ಉತ್ತರಕ್ಕೆ ಇನ್ನೊಂದು ಕಿಟಕಿಯಲ್ಲಿ ನಿರಾಕರಣೆಯೂ ಆಗಬಹುದಿತ್ತು.

ಅವಳಿಗೆ ನಾನು ಆಮೇಲೆ ಹೇಳಿದ್ದು ಇನ್ನೊಂದೇ. ವೀಸಾ ಅಂದರೆ ಅಮೆರಿಕದ ಬಾಗಿಲ ತನಕ ಬರಲು ಅನುಮತಿ. ಒಳಗೆ ಬಿಡೋದು ವಿಮಾನ ನಿಲ್ದಾಣದ ಅಧಿಕಾರಿ. ಲಾಸ್ ಏಂಜಲೀಸ್‌ನಲ್ಲಿ ಇಳಿದಾಗ ಅವರೂ ಇದೇ ಕೇಳಬಹುದು, ಹಾಗಾಗಿ ಐ-20 ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡ. ನಾನು ಹೊರಗೆ ಕಾದಿರ್ತೀನಿ. ಅಲ್ಲಿಂದ ಮನೆಗೆ ಎರಡು ಗಂಟೆ ಡ್ರೈವ್, ಟ್ರಾಫಿಕ್ ಇದ್ದರೆ ಮೂರು.