ಹೆಸರು ಒಂದು, ರಕ್ತ ಎರಡು

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳಲ್ಲಿ ಹೆಸರುಗಳಿಗೆ ಬಡತನವಿಲ್ಲ, ಆದರೆ ಪುನರಾವೃತ್ತಿ ಬಹಳ. ಆಸ್ಪತ್ರೆಯ ಜಗಲಿಯಲ್ಲಿ ನಿಂತು ಒಂದು ಹೆಸರನ್ನು ಗಟ್ಟಿಯಾಗಿ ಕೂಗಿದರೆ ಇಬ್ಬರು ಎದ್ದು ಬರುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಅಡ್ಡಹೆಸರೂ ಒಂದೇ, ವಯಸ್ಸು ಮಾತ್ರ ಬೇರೆ. ಚಹಾದ ಅಂಗಡಿಯಲ್ಲಿ ಇದು ವಿನೋದಕ್ಕೆ ವಸ್ತುವಾದೀತು. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಆಗದು.

ಕುಮಟೆಯ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿದ್ದ ಹಿರಿಯ ತಂತ್ರಜ್ಞೆಯೊಬ್ಬರ ಮುಂದೆ 2023ರ ಮಳೆಗಾಲದ ಒಂದು ಬೆಳಿಗ್ಗೆ ಗಣಕಯಂತ್ರವು ಒಂದು ಫಲಿತಾಂಶವನ್ನು ತಡೆದು ನಿಲ್ಲಿಸಿತು. ಹೊನ್ನಾವರದಿಂದ ಡಯಾಲಿಸಿಸಿಗೆ ಬರುತ್ತಿದ್ದ ಮಹಿಳೆಯೊಬ್ಬರ ರಕ್ತ ಅದು. ಹಿಮೋಗ್ಲೋಬಿನ್ 10.6. ನಾಲ್ಕು ದಿನಗಳ ಹಿಂದೆ 10.5 ಇತ್ತು. ಇಷ್ಟನ್ನೇ ನೋಡುವವರಿಗೆ ಸಂಶಯಪಡಲು ಕಾರಣವೇ ಇರಲಿಲ್ಲ. ಆದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, ಪ್ರಯೋಗಾಲಯದವರು ಎಂ.ಸಿ.ವಿ. ಎನ್ನುವ ಅಂಕಿ, 92ರಿಂದ 66ಕ್ಕೆ ಇಳಿದಿತ್ತು.

ಹೀಗೆ ಒಬ್ಬ ರೋಗಿಯ ಇಂದಿನ ಫಲಿತಾಂಶವನ್ನು ಅದೇ ರೋಗಿಯ ಹಿಂದಿನ ಫಲಿತಾಂಶದೊಡನೆ ಹೋಲಿಸಿ, ವ್ಯತ್ಯಾಸ ಮಿತಿ ಮೀರಿದರೆ ತಡೆಹಿಡಿಯುವ ಕ್ರಮಕ್ಕೆ ಡೆಲ್ಟಾ ತಪಾಸಣೆ ಎಂದು ಹೆಸರು. ನೊಸಾಂಚುಕ್ ಮತ್ತು ಗಾಟ್ಮನ್ ಎಂಬ ಇಬ್ಬರು 1974ರಲ್ಲಿ ಅಮೆರಿಕದಲ್ಲಿ ಈ ಹೆಸರಿನಿಂದಲೇ ಇದನ್ನು ಪ್ರಕಟಿಸಿದರು. ಮರುವರ್ಷ ಲೇಡನ್ಸನ್ ಎಂಬವರು ಈ ಹೋಲಿಕೆಯನ್ನು ಗಣಕಯಂತ್ರಕ್ಕೆ ಒಪ್ಪಿಸುವ ಬಗೆಯನ್ನು ವಿವರಿಸಿದರು. ಇಂದು ಇದು ಸ್ವಯಂ ದೃಢೀಕರಣವೆಂಬ ದೊಡ್ಡ ವ್ಯವಸ್ಥೆಯ ಒಂದು ಬಾಗಿಲು. ಯಂತ್ರ ಸರಿಯಾಗಿದೆಯೇ, ಅಂಕಿ ನಿಗದಿತ ಮಿತಿಯೊಳಗಿದೆಯೇ, ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ, ಹಿಂದಿನದರೊಡನೆ ಮೇಳವಾಗುತ್ತದೆಯೇ ಎಂಬ ಬಾಗಿಲುಗಳನ್ನೆಲ್ಲ ದಾಟಿದ ಫಲಿತಾಂಶ ಮನುಷ್ಯನ ಕಣ್ಣಿಗೆ ಬೀಳದೆಯೇ ವೈದ್ಯರ ಮೇಜಿಗೆ ಹೋಗುತ್ತದೆ. ದಾಟದಿದ್ದುದು ನಿಲ್ಲುತ್ತದೆ.

ಹಿಮೋಗ್ಲೋಬಿನ್ನಿಗಿಂತ ಕಣದ ಗಾತ್ರವನ್ನೇ ಏಕೆ ನಂಬಬೇಕು? ಹಿಮೋಗ್ಲೋಬಿನ್ ಚಂಚಲ. ರಕ್ತಸ್ರಾವವಾದರೆ ಇಳಿಯುತ್ತದೆ, ಡಯಾಲಿಸಿಸಿನಲ್ಲಿ ಮೈಯ ನೀರು ತೆಗೆದರೆ ಏರುತ್ತದೆ. ಇಂಥ ರೋಗಿಯ ಕ್ರಿಯಾಟಿನಿನ್ ಅಂತೂ ಒಂದು ಮಧ್ಯಾಹ್ನದಲ್ಲಿಯೇ ಅರ್ಧಕ್ಕಿಂತ ಕೆಳಗೆ ಬರಬಹುದು. ಅದರ ಮೇಲೆ ಡೆಲ್ಟಾ ನಿಯಮ ಹೂಡಿದರೆ ದಿನವಿಡೀ ಸುಳ್ಳು ಎಚ್ಚರಿಕೆಗಳೇ. ಕೆಂಪು ಕಣವಾದರೋ ಸುಮಾರು 120 ದಿನ ಬದುಕುತ್ತದೆ. ನಾಲ್ಕು ದಿನಗಳಲ್ಲಿ ನೂರಕ್ಕೆ ಮೂರು ನಾಲ್ಕು ಕಣಗಳು ಮಾತ್ರ ಹೊಸವು. ಆ ಹೊಸ ಕಣಗಳೆಲ್ಲವೂ 66ರ ಗಾತ್ರದವೇ ಆಗಿದ್ದರೂ ಸರಾಸರಿ ಒಂದು ಅಂಕಿಯಷ್ಟೂ ಇಳಿಯಲಾರದು. ಇಪ್ಪತ್ತಾರು ಅಂಕಿ ಇಳಿಯಬೇಕಾದರೆ ಮೈಯೊಳಗಿನ ರಕ್ತವೇ ಬದಲಾಗಬೇಕು, ಇಲ್ಲವೇ ನಳಿಕೆಯೊಳಗಿನ ರಕ್ತ ಬೇರೆಯವರದಾಗಿರಬೇಕು.

ಅನುಭವಿಯಾದ ಆ ತಂತ್ರಜ್ಞೆ ಕೂಡಲೇ ತೀರ್ಮಾನಕ್ಕೆ ಬರಲಿಲ್ಲ. ಡೆಲ್ಟಾ ಎಚ್ಚರಿಕೆಗಳಲ್ಲಿ ಹೆಚ್ಚಿನವು ರೋಗಿಯಲ್ಲಿ ನಿಜವಾಗಿಯೇ ಆದ ಬದಲಾವಣೆಗಳೆಂಬುದನ್ನು ಅವರು ಬಲ್ಲರು. ಮೊದಲು, ಈ ನಡುವೆ ರಕ್ತ ಕೊಡಲಾಗಿದೆಯೇ ಎಂದು ವಿಚಾರಿಸಿದರು, ಕೊಟ್ಟಿರಲಿಲ್ಲ. ಬಳಿಕ, ಮಾದರಿ ಹಳತಾಗಿದೆಯೇ ಎಂದು ನೋಡಿದರು. ಭಟ್ಕಳದ ಕಡೆಯಿಂದ ಶರಾವತಿ ದಾಟಿ ಬರುವ ನಳಿಕೆಗಳು ಸೆಕೆಯಲ್ಲಿ ರಾತ್ರಿ ಕಳೆದು ಬಂದರೆ ಕಣಗಳು ಉಬ್ಬಿ ಎಂ.ಸಿ.ವಿ. ಸುಳ್ಳಾಗಿ ಏರುವುದುಂಟು. ಆದರೆ ಇದು ಅದೇ ಬೆಳಿಗ್ಗೆ ಕುಮಟೆಯಲ್ಲಿಯೇ ತೆಗೆದ ರಕ್ತ, ಮತ್ತು ಅಂಕಿ ಏರಿರಲಿಲ್ಲ, ಇಳಿದಿತ್ತು. ಕಣಗಳ ಎಣಿಕೆಯೂ 35 ಲಕ್ಷದಿಂದ 51 ಲಕ್ಷಕ್ಕೆ ಜಿಗಿದಿತ್ತು.

ಡೆಲ್ಟಾ ತಪಾಸಣೆ ಎರಡು ಫಲಿತಾಂಶಗಳು ಒಬ್ಬರವಲ್ಲವೆಂದು ಹೇಳೀತು. ಎರಡರಲ್ಲಿ ಯಾವುದು ತಪ್ಪೆಂದು ಹೇಳದು. ನಾಲ್ಕು ದಿನಗಳ ಹಿಂದಿನದೇ ಬೇರೆಯವರ ರಕ್ತವಾಗಿದ್ದರೆ? ಆಕೆ ಹಿಂದಿನ ಆರು ತಿಂಗಳುಗಳ ಫಲಿತಾಂಶಗಳನ್ನು ತೆರೆದರು. ಎಲ್ಲವೂ 91, 92, 93. ತಪ್ಪು ಇಂದಿನದೇ.

ಇಷ್ಟಕ್ಕೆ ಮರುಮಾದರಿ ಕೇಳಿ ಕೈತೊಳೆದುಕೊಳ್ಳುವ ಪ್ರಯೋಗಾಲಯಗಳೇ ಹೆಚ್ಚು. ಈ ರಕ್ತ ಹೊನ್ನಾವರದವರದಲ್ಲವಾದರೆ ಇದು ಯಾರದು, ಹೊನ್ನಾವರದವರ ರಕ್ತ ಯಾರ ಹೆಸರಿನಲ್ಲಿ ಹೋಯಿತು? ಆ ಅರ್ಧ ಗಂಟೆಯಲ್ಲಿ ರಕ್ತ ತೆಗೆಸಿಕೊಂಡವರ ಪಟ್ಟಿಯನ್ನು ತೆಗೆದಾಗ ಅದೇ ಹೆಸರಿನ ಇನ್ನೊಬ್ಬರು ಕಂಡರು: ಭಟ್ಕಳದ ಗಂಡನ ಮನೆಯಿಂದ ಕುಮಟೆಯ ತವರಿಗೆ ಬಂದಿದ್ದ ಮೂರು ತಿಂಗಳ ಗರ್ಭಿಣಿ. ಆಕೆಯ ಹೆಸರಿನಲ್ಲಿ ಹಿಮೋಗ್ಲೋಬಿನ್ 10.4, ಎಂ.ಸಿ.ವಿ. 91. ಇಲ್ಲಿ ಅದು ಆಕೆಯ ಮೊದಲ ಪರೀಕ್ಷೆ. ಹೋಲಿಸಲು ಹಿಂದಿನದೇ ಇಲ್ಲದುದರಿಂದ ಡೆಲ್ಟಾದ ಬಾಗಿಲು ತೆರೆದೇ ಇತ್ತು. ಉಳಿದ ಅಂಕಿಗಳು ಮಿತಿಯೊಳಗಿದ್ದವು. ಆ ಫಲಿತಾಂಶ ಹನ್ನೆರಡು ನಿಮಿಷಗಳ ಹಿಂದೆಯೇ ತಾನಾಗಿ ಹೊರಟುಹೋಗಿತ್ತು.

ಅದಲುಬದಲಿನಲ್ಲಿ ಹೆಚ್ಚು ಕಳೆದುಕೊಳ್ಳುತ್ತಿದ್ದವಳು ಈಕೆಯೇ. ಸಣ್ಣ ಕಣ, ಆದರೆ ಕಣಗಳ ಎಣಿಕೆ ಹೆಚ್ಚು, ಎಂಬ ಲಕ್ಷಣ ಕಬ್ಬಿಣದ ಕೊರತೆಗಿಂತ ಥಲಸ್ಸೀಮಿಯಾ ವಾಹಕತೆಯನ್ನು ಸೂಚಿಸುತ್ತದೆ. ಗಂಡನೂ ವಾಹಕನಾಗಿದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ತೀವ್ರ ರೋಗದ ಸಂಭವ. ಅದನ್ನು ತಿಳಿಯಬೇಕಾದದ್ದು ಗರ್ಭದ ಮೊದಲ ತಿಂಗಳುಗಳಲ್ಲಿ. 91 ಎಂಬ ಅಂಕಿ ಆ ಪ್ರಶ್ನೆಯನ್ನೇ ಅಳಿಸಿಹಾಕುತ್ತಿತ್ತು. ಯಾರೂ ತಪ್ಪನ್ನು ಕಾಣುತ್ತಿರಲಿಲ್ಲ.

ತಂತ್ರಜ್ಞೆ ಮೊದಲು ವೈದ್ಯರಿಗೆ ದೂರವಾಣಿ ಮಾಡಿ ಹೋದ ಫಲಿತಾಂಶವನ್ನು ಹಿಂಪಡೆದರು. ನಂತರ ಎರಡೂ ನಳಿಕೆಗಳ ರಕ್ತದ ಗುಂಪು ನೋಡಿದರು. ಹೊನ್ನಾವರದವರ ದಾಖಲೆಯಲ್ಲಿ ಬಿ. ಅವರ ಹೆಸರಿನ ನಳಿಕೆಯಲ್ಲಿ ಓ. ಗುಂಪು ಒಂದೇ ಆಗಿದ್ದರೆ ಇದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ರಕ್ತ ತೆಗೆದ ಹುಡುಗ ಬಂದು, “ಅಕ್ಕಾ, ಹೆಸರು ಕೇಳಿಯೇ ತೆಗೆದಿದ್ದೇನೆ, ಇಬ್ಬರೂ ಹೌದು ಅಂದರು” ಎಂದ. ಆತ ಸುಳ್ಳು ಹೇಳಿರಲಿಲ್ಲ. “ಹೌದು ಅನ್ನದೆ ಮತ್ತೇನು ಅಂತಾರೆ ತಮ್ಮಾ, ಹೆಸರು ನೀನೇ ಹೇಳಿಕೊಟ್ಟ ಮೇಲೆ?” ಎಂದು ಆಕೆ ಕೇಳಿದರು. ಎರಡು ಹೆಸರಿನ ಚೀಟಿಗಳೂ ಒಂದೇ ಪಟ್ಟಿಯಲ್ಲಿ ಮುದ್ರಿತವಾಗಿದ್ದವು. ರಕ್ತ ತೆಗೆಯುವ ಮೊದಲೇ ನಳಿಕೆಗಳಿಗೆ ಅಂಟಿಸಿಯಾಗಿತ್ತು.

ಮಧ್ಯಾಹ್ನದೊಳಗೆ ಇಬ್ಬರಿಂದಲೂ ಹೊಸದಾಗಿ ರಕ್ತ ತೆಗೆಯಲಾಯಿತು. ಹೊನ್ನಾವರದವರದು 92, ಗರ್ಭಿಣಿಯದು 66. ಗಣಕಯಂತ್ರದ ನಿಯಮಕ್ಕೂ ಒಂದು ಸಾಲು ಸೇರಿತು: ಎಂ.ಸಿ.ವಿ. ಡೆಲ್ಟಾ ತಪ್ಪಿದೊಡನೆ ಅದೇ ಸ್ಥಳದಲ್ಲಿ ಅದೇ ಅರ್ಧ ಗಂಟೆಯಲ್ಲಿ ತೆಗೆದ ಎಲ್ಲ ಮಾದರಿಗಳೂ ನಿಲ್ಲಬೇಕು. ಇದರಿಂದ ಕೆಲವು ಬೆಳಿಗ್ಗೆ ಹತ್ತು ಹದಿನೈದು ಜನ ಸುಮ್ಮನೆ ಕಾಯಬೇಕಾಗುತ್ತದೆ, ಗೊಣಗುವವರೂ ಇದ್ದಾರೆ. ಆದರೂ ಆ ನಿಯಮವನ್ನು ಸಡಿಲಿಸಲು ಆಕೆ ಒಪ್ಪಿಲ್ಲ. ಮೊದಲೇ ಹೊರಟುಹೋದ ಫಲಿತಾಂಶವನ್ನು ಅದೂ ತಡೆಯಲಾರದು. ಅಂಥವುಗಳ ಪಟ್ಟಿಯನ್ನಷ್ಟೇ ಮುಂದಿಡುತ್ತದೆ.

ಮುಂದಿನ ವಾರ ಗರ್ಭಿಣಿಯ ಹಿಮೋಗ್ಲೋಬಿನ್ ಎ2 ಪ್ರಮಾಣ ನೂರಕ್ಕೆ 5.2 ಎಂದು ಬಂದಿತು. ಆಕೆ ವಾಹಕಿಯೇ. ಮೀನುದೋಣಿಯಲ್ಲಿ ದುಡಿಯುತ್ತಿದ್ದ ಗಂಡನನ್ನು ಭಟ್ಕಳದಿಂದ ಕರೆಸಲಾಯಿತು. ಆತನಿಗೂ ಹಿಂದಿನ ಫಲಿತಾಂಶ ಯಾವುದೂ ಇರಲಿಲ್ಲ. ಆ ಹುಡುಗ ಈ ಸಲ ಖಾಲಿ ನಳಿಕೆ ಹಿಡಿದು ನಿಂತು, ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಆತನ ಬಾಯಿಂದಲೇ ಹೇಳಿಸಿ, ರಕ್ತ ತೆಗೆದ ಮೇಲೆ ಆತನ ಎದುರಿನಲ್ಲಿಯೇ ಚೀಟಿ ಅಂಟಿಸಿದ.