ನಡೆದದ್ದು ಮತ್ತು ನಾಟಿದ್ದು

ಸೊಲ್ಲಾಪುರದ ಸಿದ್ಧೇಶ್ವರ ಗುಡಿಯನ್ನು ಬಳಸಿ ನಿಂತ ಕೆರೆಯನ್ನು ನಮ್ಮ ಸೀಮೆಯಲ್ಲಿ ಕಾಣದವರಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಅದನ್ನು ಕಟ್ಟಿಸಿದನೆಂಬುದನ್ನು ಸಂಕ್ರಾಂತಿಯ ಜಾತ್ರೆಗೆ ಬಂದ ಮಕ್ಕಳೂ ಹೇಳಬಲ್ಲರು. ರಾಘವಾಂಕನು ಆ ಶಿವಯೋಗಿಯ ಬಾಳನ್ನು ಕಾವ್ಯವಾಗಿ ಹಾಡಿದ್ದಾನೆ. ಶೂನ್ಯಸಂಪಾದನೆಯಲ್ಲಿ ಇದೇ ಕೆರೆಯ ಕೆಲಸದ ನಡುವೆ ಬೇರೊಂದು ಪ್ರಸಂಗ ಬರುತ್ತದೆ. ಅಲ್ಲಮಪ್ರಭು ಬಂದು ಸಿದ್ಧರಾಮನನ್ನು ಮಣ್ಣು ಅಗೆಯುವವನೆಂದು ಹೀಯಾಳಿಸಿ ಕೂಗುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ. ಸಿದ್ಧರಾಮನೂ ಕೆರಳುತ್ತಾನೆ. ಕೊನೆಗೆ ಆ ಮಾತುಗಳ ತಿರುಳು ಅವನಿಗೆ ತಿಳಿದು, ಅಲ್ಲಮನೊಡನೆ ಕಲ್ಯಾಣದ ಹಾದಿ ಹಿಡಿಯುತ್ತಾನೆ.

ಅಲ್ಲಮನಿಗೆ ಕೆರೆಯ ಅಗಲ, ಆಳ, ಕೂಲಿಯವರ ಎಣಿಕೆ ಬೇಕಿರಲಿಲ್ಲ. ಅಗೆದವನ ಒಳಗೆ ಏನಾಯಿತು ಎಂಬುದೊಂದೇ ಅವನ ಪ್ರಶ್ನೆ. ಕೆರೆ ಕಟ್ಟಿದ್ದು ನಡೆದ ಸಂಗತಿ. ಅದು ಕಟ್ಟಿದವನಿಗೆ ಏನಾಗಿ ಉಳಿಯಿತು ಎಂಬುದು ಅದರ ಮನನ. ನಮ್ಮ ಹಿರಿಯರು ಶ್ರವಣದ ಬಳಿಕ ಮನನವನ್ನು ಇಟ್ಟದ್ದು ಸುಮ್ಮನಲ್ಲ. ಕೇಳಿದ್ದನ್ನು, ಕಂಡದ್ದನ್ನು ಮರಳಿ ಮರಳಿ ಮೆಲುಕಾಡದೆ ಅದು ನಮ್ಮದಾಗುವುದಿಲ್ಲ. ಸಂಘದ ಸಂಚಿಕೆಗೆಂದು ನಾವು ಬರೆಯುವ ನೆನಪಿನ ಬರಹಗಳಲ್ಲಿ ಮೊದಲನೆಯದು ಧಾರಾಳವಾಗಿರುತ್ತದೆ, ಎರಡನೆಯದು ವಿರಳ. ಇವೆರಡರ ಅಂತರವನ್ನು ತತ್ವದಲ್ಲಿ ಹೇಳುವುದಕ್ಕಿಂತ, ನಮ್ಮ ಮನೆಯಲ್ಲಿಯೇ ಎರಡು ಬಗೆಯಾಗಿ ಕೇಳಿದ ಒಂದು ಸಂಗತಿಯಿಂದ ತೋರಿಸುವುದು ಲೇಸು.

ಅದು 1972ರ ಬರಗಾಲ. ನನ್ನ ಅಣ್ಣ ಅದನ್ನು ಬಲು ಅಚ್ಚುಕಟ್ಟಾಗಿ ಹೇಳುತ್ತಾನೆ. ಅದರ ಹಿಂದಿನ ವರ್ಷಗಳಲ್ಲೇ ಮಳೆ ಸರಿಯಾಗಿ ಆಗಿರಲಿಲ್ಲ. ಆ ವರ್ಷ ಪೂರ್ತಿ ಕೈಕೊಟ್ಟಿತು. ಬಾವಿಗಳ ತಳ ಕಂಡಿತು. ಕಣಿಕೆ ಮುಗಿದು ದನಗಳನ್ನು ಸಿಕ್ಕ ಬೆಲೆಗೆ ಮಾರಿದರು. ಪಡಿತರ ಅಂಗಡಿಯಲ್ಲಿ ಅಮೆರಿಕೆಯಿಂದ ಬಂದ ಕೆಂಪು ಮಿಲೋ ಜೋಳ ಕೊಟ್ಟರು. ನಮ್ಮ ಬಿಳಿಜೋಳದ ರೊಟ್ಟಿ ತಿಂದ ನಾಲಿಗೆಗೆ ಅದು ಹಿಡಿಸಲಿಲ್ಲ. ಸರಕಾರ ಬರಗಾಲದ ಕಾಮಗಾರಿ ತೆರೆಯಿತು: ಖಡಿ ಒಡೆಯುವುದು, ರಸ್ತೆಗೆ ಮಣ್ಣು ಹಾಕುವುದು, ಒಡ್ಡು ಮತ್ತು ಪಾಝರ ತಲಾವು ಕಟ್ಟುವುದು. 1973ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಹತ್ತಿರ ಹತ್ತಿರ ಐವತ್ತು ಲಕ್ಷ ಜನ ಇಂಥ ಕೆಲಸದಲ್ಲಿದ್ದರು. ಅವ್ವ, ಅಪ್ಪ ಇಬ್ಬರೂ ಹೋದರು. ಮರುವರ್ಷ ಮಳೆಯಾಯಿತು.

ಅಣ್ಣನ ಈ ಹೇಳಿಕೆಯಲ್ಲಿ ಸುಳ್ಳಿಲ್ಲ, ಕ್ರಮ ತಪ್ಪಿಲ್ಲ. ಇಂಥವರಿಲ್ಲದಿದ್ದರೆ ಊರಿಗೆ ಇತಿಹಾಸವೇ ಇರುವುದಿಲ್ಲ. ಆದರೆ ಇದರಿಂದ ನಮ್ಮ ಮನೆಯನ್ನು ತೆಗೆದು ನೆರೆಮನೆಯನ್ನು ಇಟ್ಟರೆ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಬರೀ ನಿರೂಪಣೆಯನ್ನು ಗುರುತಿಸುವ ಮೊದಲ ಪರೀಕ್ಷೆ ಇದೇ: ಹೇಳುವವನನ್ನು ಬದಲಿಸಿ ನೋಡಬೇಕು. ಬರಹ ಎಲ್ಲಿಯೂ ಮುರಿಯದಿದ್ದರೆ ಅದು ಊರಿನ ವರದಿ. ಬರೆದವರು ಇನ್ನೂ ಅದರೊಳಗೆ ಕಾಲಿಟ್ಟಿಲ್ಲ.

ಒಮ್ಮೆ ಅಣ್ಣ ಮೊಮ್ಮಕ್ಕಳಿಗೆ ಇದೆಲ್ಲವನ್ನು ಹೇಳುತ್ತಿದ್ದಾಗ, ಮೂಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆಯೆತ್ತದೆ ಹೇಳಿದಳು: “ಹೊಟ್ಟಿ ಹಸ್ದಿತ್ತು, ಖರೆ. ಆದ್ರ ನನ್ನ ದುಡಿಮಿ ರೊಕ್ಕ ನನ್ನ ಕೈಯಾಗ ಬಂದದ್ದು ಅದೇ ಮೊದಲ ನೋಡಪ್ಪಾ.”

ಅಣ್ಣ ಹೌದೆಂದು ತಲೆಯಾಡಿಸಿ ದನಗಳ ಮಾತಿಗೆ ಹೋದ. ನನಗೆ ಮಾತ್ರ ಆ ಮಾತು ನಾಟಿತು. ಬರಗಾಲವೆಂದರೆ ದುಃಖ ಎಂಬುದು ನಮಗೆಲ್ಲ ಸಿದ್ಧವಾಗಿಯೇ ಸಿಕ್ಕ ಅರ್ಥ. ಅವ್ವ ಅದನ್ನು ಅಲ್ಲಗಳೆಯಲಿಲ್ಲ. ಹಸಿವಿನ ಪಕ್ಕದಲ್ಲಿಯೇ ಇನ್ನೊಂದನ್ನು ಇಟ್ಟಳು. ಅದುವರೆಗೆ ಆಕೆ ದುಡಿಯದ ದಿನವೇ ಇರಲಿಲ್ಲ. ಕಳೆ ತೆಗೆದಳು, ರಾಶಿ ಮಾಡಿದಳು, ಎಮ್ಮೆ ಕಟ್ಟಿದಳು. ಸ್ವಂತ ಹೊಲದ ದುಡಿಮೆಗೆ ಲೆಕ್ಕವಿರಲಿಲ್ಲ. ಕಾಮಗಾರಿಯ ಮಸ್ಟರಿನಲ್ಲಿ ಮೊದಲ ಸಲ ಆಕೆಯ ಹೆಸರು ಒಂದು ಸಾಲಾಗಿ ನಿಂತಿತು, ಅದರ ಮುಂದೆ ಒಂದು ಹೆಬ್ಬೆರಳಿನ ಗುರುತು, ಅದಕ್ಕೆ ಇಷ್ಟು ಎಂಬ ರೊಕ್ಕ.

ಆಗ ನನಗೆ ಎಂಟು ವರ್ಷ. ನಾನು ಕಂಡಿದ್ದು ಇಷ್ಟೇ: ಅವ್ವ ನಸುಕಿನಲ್ಲಿ ಹೊರಟು ಹೋಗುತ್ತಿದ್ದಳು, ಸಂಜೆ ಮೈತುಂಬ ಧೂಳಿನೊಂದಿಗೆ ಬರುತ್ತಿದ್ದಳು, ಸೆರಗಿನಲ್ಲಿ ಕಾಮಗಾರಿಯ ಮೇಲೆ ಹಂಚಿದ ಸುಖಡಿಯ ತುಂಡು ಇರುತ್ತಿತ್ತು. ಮಕ್ಕಳಾದ ನಮಗೆ ಬರಗಾಲ ಸಿಹಿ ತಿಂದ ವರ್ಷವೂ ಆಗಿತ್ತು. ಅದಾದ ಮೇಲಿನ ವರ್ಷಗಳ ಕೆಲವು ನೆನಪುಗಳು ನನ್ನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು. ಅಪ್ಪ ಜೋಳ ಮಾರುವಾಗ ಅವ್ವ ಬಾಗಿಲಲ್ಲಿ ನಿಂತು ದರ ಕೇಳುತ್ತಿದ್ದಳು. ಸೆರಗಿನ ತುದಿಯ ಗಂಟಿನಲ್ಲಿ ಸಂತೆಯ ಚಿಲ್ಲರೆ ಆಕೆಯ ಬಳಿಯೇ ಇರುತ್ತಿತ್ತು. ತಂಗಿಯನ್ನು ಏಳನೆಯ ಇಯತ್ತೆಯ ಬಳಿಕ ಶಾಲೆ ಬಿಡಿಸುವ ಮಾತು ಬಂದಾಗ, ಮನೆಯಲ್ಲಿ ಎಂದೂ ದನಿಯೆತ್ತದ ಅವ್ವ, “ಆಕಿ ಹೆಬ್ಬಟ್ಟ ಒತ್ತೂದು ಬ್ಯಾಡ” ಎಂದು ಹಿಡಿದ ಹಟ ಬಿಡಲಿಲ್ಲ.

ಈ ಮೂರನ್ನೂ ನಾನು ಬಲ್ಲೆ. ಆದರೆ ಅವು ಬೇರೆ ಬೇರೆ ಕಾಲದ ಬೇರೆ ಬೇರೆ ಸಂಗತಿಗಳಾಗಿದ್ದವು. ಅವ್ವನ ಆ ಒಂದು ಮಾತು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಓದು ಶುರುವಾದದ್ದು ಯಾವ ಉಪದೇಶದಿಂದಲೂ ಅಲ್ಲ, ಒಂದು ಪಾಝರ ತಲಾವಿನ ಮಣ್ಣಿನಿಂದ ಎಂದು ನನಗೆ ತೋರಿತು. ತಂಗಿ ಮುಂದೆ ಶಿಕ್ಷಕಿಯಾಗಿ ಸಂಬಳದ ಪಟ್ಟಿಯ ಮೇಲೆ ಸಹಿ ಮಾಡಿದಳು ಎಂಬುದು ಸಂಗತಿ. ಆ ಸಹಿಯ ಕೆಳಗೆ ನನಗೆ ಅವ್ವನ ಹೆಬ್ಬೆರಳು ಕಾಣುವುದು ಮನನ.

ಇದನ್ನು ಬಿಡಿಸಿ ನೋಡಿದರೆ ಮೂರು ಮೆಟ್ಟಿಲು ಕಾಣುತ್ತವೆ. ಅಂದು ನಾನು ಏನನ್ನು ಕಂಡೆ. ಬಳಿಕ ಯಾವುದು ಆ ನೋಟವನ್ನು ತಿರುಗಿಸಿತು. ತಿರುಗಿದ ಮೇಲೆ ಇನ್ನಾವ ಸಂಗತಿಗಳು ಬೇರೆಯಾಗಿ ಕಾಣತೊಡಗಿದವು. ಮೂರನೆಯದೇ ನಿಜವಾದ ಸಾಕ್ಷಿ. ಒಂದು ಸಂಗತಿಗೆ ನನ್ನ ಬಾಳಿನಲ್ಲಿ ಅರ್ಥವಿದೆಯೆಂದು ನಾನು ಹೇಳಿದರೆ ಸಾಲದು. ಅದು ನನ್ನ ಬೇರೆ ನೆನಪುಗಳ ಮೇಲೆ ಬೆಳಕು ಚೆಲ್ಲಬೇಕು. ಚೆಲ್ಲದಿದ್ದರೆ ಆ ಅರ್ಥವನ್ನು ನಾನು ಹೊರಗಿನಿಂದ ತಂದು ಅಂಟಿಸಿದ್ದೇನೆ ಎಂದೇ ತಿಳಿಯಬೇಕು.

ಅಂಟಿಸುವ ಬಗೆ ಎರಡು. ಒಂದು, ಕೊನೆಯ ಸಾಲಿನ ನೀತಿ. ಅಣ್ಣನ ಹೇಳಿಕೆಗೆ “ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುತ್ತದೆ” ಎಂದು ಸೇರಿಸಿದರೆ ಅದು ಮನನವಾಗುವುದಿಲ್ಲ. ಆ ಸಾಲು ಬರಗಾಲಕ್ಕೂ ಹೊಂದುತ್ತದೆ, ಭೂಕಂಪಕ್ಕೂ ಹೊಂದುತ್ತದೆ, ಪರೀಕ್ಷೆಯಲ್ಲಿ ನಪಾಸಾದದ್ದಕ್ಕೂ ಹೊಂದುತ್ತದೆ. ಎಲ್ಲಿಗೂ ಹೊಂದುವ ಮಾತು ಎಲ್ಲಿಂದಲೂ ಹುಟ್ಟಿರುವುದಿಲ್ಲ. ಇನ್ನೊಂದು, ಇಂದಿನ ಬುದ್ಧಿಯನ್ನು ಅಂದಿನ ಮಗುವಿನ ತಲೆಗೆ ತುಂಬುವುದು. ಎಂಟು ವರ್ಷದ ನಾನು ಮಸ್ಟರಿನ ಹೆಬ್ಬೆರಳನ್ನು ನೋಡಿ ಸ್ತ್ರೀಯರ ಸ್ವಾತಂತ್ರ್ಯವನ್ನು ಕುರಿತು ಚಿಂತಿಸಿದೆನೆಂದು ಬರೆದರೆ ಓದುವವರು ನಂಬುವುದಿಲ್ಲ, ನಂಬಲೂ ಬಾರದು. ಆ ಮಗು ಸುಖಡಿಯ ರುಚಿಯನ್ನಷ್ಟೇ ಬಲ್ಲದು. ಅದನ್ನು ಹಾಗೆಯೇ ಬಿಡಬೇಕು.

ಇದಕ್ಕೆ ಆ ಕಾಮಗಾರಿಯಲ್ಲಿಯೇ ಒಂದು ಮಾದರಿಯಿದೆ. ಮಣ್ಣು ಅಗೆಯುವ ಕೆಲಸದ ಕೂಲಿ ಅಗೆದ ಹೊಂಡದ ಅಳತೆಯ ಮೇಲೆ ನಿಲ್ಲುತ್ತದೆ. ನಮ್ಮ ಕಡೆ ನೂರು ಘನ ಅಡಿಗೆ ಒಂದು ಬ್ರಾಸ್ ಎನ್ನುತ್ತಾರೆ. ಸುತ್ತಲೂ ಅಗೆದುಹೋದ ಮೇಲೆ ಮೊದಲಿನ ನೆಲ ಎಲ್ಲಿತ್ತು ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಹೊಂಡದ ನಡುವೆ ಒಂದು ಮಣ್ಣಿನ ದಿಬ್ಬವನ್ನು ಮುಟ್ಟದೆ ಬಿಡುತ್ತಾರೆ. ಅದರ ತಲೆಯ ಮೇಲೆ ಹಳೆಯ ಹುಲ್ಲೂ ಹಾಗೆಯೇ ಇರುತ್ತದೆ. ಅದರ ಎತ್ತರವೇ ಹೊಂಡದ ಆಳ. ದಿಬ್ಬವನ್ನು ಕೆಡವಿದರೆ ಎಷ್ಟು ಅಗೆದರೂ ಲೆಕ್ಕ ಸಿಗದು. ನೆನಪಿನ ಬರಹದಲ್ಲಿ ಅಂದಿನ ಮಗು ಆ ದಿಬ್ಬ. ಅದನ್ನು ತಿದ್ದದೆ ಉಳಿಸಿದರೆ ಮಾತ್ರ ನಾವು ಎಷ್ಟು ಆಳಕ್ಕೆ ಇಳಿದೆವೆಂಬುದು ಓದುವವರಿಗೆ ಕಾಣುತ್ತದೆ. ಆದ್ದರಿಂದಲೇ ನಿರೂಪಣೆಯನ್ನು ಕಡೆಗಣಿಸಿ ಮನನ ಸಾಧ್ಯವಿಲ್ಲ. ಮಸ್ಟರು, ಸುಖಡಿ, ಸೆರಗಿನ ಗಂಟು ಇವನ್ನು ತೆಗೆದುಬಿಟ್ಟರೆ ನನ್ನ ಬಳಿ ಉಳಿಯುವುದು ಒಂದು ಭಾಷಣ.

ಗಡಿಯಲ್ಲಿ ಬರೆಯುವ ನಮಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. 1956ರ ರಾಜ್ಯಗಳ ಪುನರ್ವಿಂಗಡಣೆ, 1967ರ ಮಹಾಜನ ಆಯೋಗದ ವರದಿ, ಕನ್ನಡ ಶಾಲೆಗಳ ಸ್ಥಿತಿ, ಇವುಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರಹಗಳಿವೆ, ಇರಲೂಬೇಕು. ಆದರೆ ನಮ್ಮ ನೆನಪುಗಳೂ ಅವುಗಳಿಂದ ಒಂದೇ ಅರ್ಥವನ್ನು ಎರವಲು ಪಡೆದು, ಎಲ್ಲ ಬರಹಗಳೂ ‘ನಾವು ಗಡಿನಾಡವರು, ನೊಂದವರು’ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ನೋವು ನಿಜ, ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುತ್ತ ಬಾಳಿದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆ ಏನನ್ನೋ ಮಾಡಿರುತ್ತದೆ. ಒಬ್ಬಳಿಗೆ ಎರಡು ಅಡುಗೆಮನೆಗಳ ಗೆಳೆತನ ಕೊಟ್ಟಿರಬಹುದು, ಇನ್ನೊಬ್ಬನಿಗೆ ತಂದೆಯ ಪತ್ರವನ್ನು ಓದಲಾರದ ಮಗನನ್ನು ಕೊಟ್ಟಿರಬಹುದು. ಆ ಬೇರೆತನ ಬರೆದವರಿಂದಲ್ಲದೆ ಮತ್ತಾರಿಂದಲೂ ತಿಳಿಯದು.

ಈ ಸಂಚಿಕೆಯನ್ನು ಮನೆಗೆ ಒಯ್ಯುವವರಲ್ಲಿ ಹಲವರ ಮನೆಗಳಲ್ಲಿ 1972ನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಏನು ನಡೆಯಿತು ಎಂದು ಕೇಳಿದರೆ ಅವರು ಊರಿನ ಕಥೆ ಹೇಳುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಬಳಿಕ ಸ್ವಲ್ಪ ತಡೆದು, ಆಮೇಲೆ ನಿಮಗೆ ಯಾವುದು ಬದಲಾಯಿತು ಎಂದು ಕೇಳಿ. ಉತ್ತರ ಒಡನೆ ಬರದು. ಬಂದಾಗ ಒಂದೇ ಸಾಲಿನಲ್ಲಿ ಬರಬಹುದು, ಕೈಯಲ್ಲಿ ಬೇರೆ ಕೆಲಸವಿರುವಾಗ, ತಲೆಯೆತ್ತದೆ ಹೇಳಿದ ಮಾತಾಗಿರಬಹುದು. ಮಾತು ಬೇರೆಡೆಗೆ ಹೊರಳುವ ಮುನ್ನ ಅದನ್ನು ಹಿಡಿದುಕೊಳ್ಳಿ.