ತಿಳಿನೀರಿಗೆ ನಾನು ಕೊಟ್ಟ ಅಂಕ

ಸಂಪಾದಕೀಯ ಓದಿಸುವ ಮೇಷ್ಟ್ರುಗಳ ಹತ್ತಿರ ಒಂದು ಸುಲಭದ ಸಾಧನವಿದೆ. ಹಾಳೆಯಲ್ಲಿ ಮೂರು ಕಾಲಂ ಎಳೆದು ಅಭಿಪ್ರಾಯ, ಆಧಾರ, ಮಾತಿನ ತಂತ್ರ ಎಂದು ತಲೆಬರಹ ಕೊಟ್ಟರೆ ಆಯಿತು. ಮಕ್ಕಳು ವಾಕ್ಯಗಳನ್ನು ಒಂದೊಂದಾಗಿ ಎತ್ತಿ ಕಾಲಂಗಳಿಗೆ ಹಾಕುತ್ತಾರೆ, ನಾವು ಅಂಕ ಹಾಕುತ್ತೇವೆ. ತಿದ್ದುವುದು ಸಲೀಸು ಎಂಬುದೊಂದೇ ಅದರ ಗುಣ. ಆ ಗುಣಕ್ಕೆ ಮರುಳಾಗಿ ನಾನು ಒಂದು ತರಗತಿಯನ್ನು ಚೆನ್ನಾಗಿಯೇ ಕೆಡಿಸಿದೆ.

ತಿರುಪ್ಪೂರು, ಕೊಯಮತ್ತೂರು ಕಡೆಯ ದೇವಾಂಗ ಮತ್ತು ಒಕ್ಕಲಿಗ ಮನೆಗಳಲ್ಲಿ ಮಾತು ಕನ್ನಡ, ಶಾಲೆ ತಮಿಳು ಅಥವಾ ಇಂಗ್ಲಿಷ್. ಅಂಥ ಮನೆಗಳ ಕಾಲೇಜು ಮಕ್ಕಳಿಗೆ ಭಾನುವಾರ ಕನ್ನಡ ಓದು ಹೇಳಿಕೊಡುತ್ತಿದ್ದೆ. ಲಿಪಿ ಕೈಗೆ ಹತ್ತಿದ ಮೇಲೆ ಸಂಪಾದಕೀಯಕ್ಕೆ ಬಂದೆವು. ಊರಿನದೇ ವಿಷಯ ಇರಲಿ ಎಂದು ನೊಯ್ಯಲ್ ನದಿಯನ್ನು ಆರಿಸಿ, ಪತ್ರಿಕೆಯ ಧಾಟಿಯಲ್ಲಿ ನಾನೇ ಒಂದು ಬರಹ ಕಟ್ಟಿದೆ.

ಹಿನ್ನೆಲೆ ಇಷ್ಟು. ನೊಯ್ಯಲ್ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುತ್ತದೆ. ತಿರುಪ್ಪೂರಿನ ಸಾಯಪಟ್ಟರೆಗಳ, ಅಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರು ವರ್ಷಾನುಗಟ್ಟಲೆ ಅದಕ್ಕೇ ಹರಿಯಿತು. ಕೆಳಗೆ ಒರತ್ತುಪಾಳಯಂನಲ್ಲಿ ನೀರಾವರಿಗೆಂದು ಕಟ್ಟಿದ ಅಣೆಕಟ್ಟಿನಲ್ಲಿ ಆ ನೀರೇ ನಿಂತಿತು. ರೈತರು ನ್ಯಾಯಾಲಯಕ್ಕೆ ಹೋದರು. ಹೊರಗೆ ಒಂದು ಹನಿಯೂ ಬಿಡಕೂಡದು ಎಂಬ ಷರತ್ತು ಪಾಲನೆಯಾಗಲಿಲ್ಲವೆಂದು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚಲು ಆದೇಶಿಸಿತು.

ನನ್ನ ಬರಹ ಆ ಆದೇಶವನ್ನು ವಿರೋಧಿಸುತ್ತಿತ್ತು. ಅದರ ಎರಡು ವಾಕ್ಯಗಳೇ ನನ್ನನ್ನು ಹಿಡಿದು ಹಾಕಿದವು. ಒಂದು: ‘ಸಂಸ್ಕರಣೆಯ ನಂತರ ಹೊರಬರುವ ನೀರು ತಿಳಿಯಾಗಿದೆ, ಹಾಗಾಗಿ ನದಿಗೆ ಅಪಾಯವಿಲ್ಲ.’ ಇನ್ನೊಂದು: ‘ಬನಿಯನ್ ಕಂಪನಿಯಲ್ಲಿ ಹೊಲಿಯುವ ಹೆಣ್ಣುಮಗಳು ಇಂದು ರಾತ್ರಿ ಮಕ್ಕಳಿಗೆ ಏನು ಬಡಿಸಬೇಕು?’

ನನ್ನ ಉತ್ತರಪಟ್ಟಿಯಲ್ಲಿ ಮೊದಲನೆಯದು ಆಧಾರ, ಏಕೆಂದರೆ ನೀರು ತಿಳಿಯಾಗಿದೆಯೋ ಇಲ್ಲವೋ ನೋಡಿ ಹೇಳಬಹುದು. ಎರಡನೆಯದು ತಂತ್ರ, ಏಕೆಂದರೆ ಅದು ಕರುಳು ಹಿಂಡುವ ಪ್ರಶ್ನೆ. ಬಹುತೇಕ ಎಲ್ಲರೂ ಹಾಗೇ ಬರೆದು ಅಂಕ ತೆಗೆದುಕೊಂಡರು. ತಂದೆ ಸಾಯಪಟ್ಟರೆಯಲ್ಲಿ ಕೆಲಸಕ್ಕಿದ್ದ ಹುಡುಗ ಮಾತ್ರ ಮೊದಲ ವಾಕ್ಯವನ್ನು ಯಾವ ಕಾಲಂಗೂ ಹಾಕದೆ ಬಿಟ್ಟಿದ್ದ. ಅಂಕ ಕಳೆದೆ. ಅವನು ಎದ್ದು ನಿಂತು, ‘ಸಾರ್, ಬಣ್ಣ ಹೋದ್ರೆ ಉಪ್ಪೂ ಹೋಗುತ್ತಾ?’ ಎಂದು ಕೇಳಿದ. ಅದು ವಿಜ್ಞಾನದ ತರಗತಿಯ ಪ್ರಶ್ನೆ, ಕೂತ್ಕೊ ಎಂದೆ.

ಅದೇ ತಿರುಳಿನ ಪ್ರಶ್ನೆಯಾಗಿತ್ತು. ಹತ್ತಿಗೆ ಹಾಕುವ ಬಣ್ಣ ನೂಲಿಗೆ ಹಿಡಿಯಬೇಕಾದರೆ ತೊಟ್ಟಿಗೆ ಉಪ್ಪು ಸುರಿಯಬೇಕು. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಂ ಮೀರುವುದೂ ಉಂಟು. ಆ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ, ತೊಳೆದ ನೀರಿನ ಜೊತೆ ಹೊರಟುಹೋಗುತ್ತದೆ. ಸಾಧಾರಣ ಸಂಸ್ಕರಣೆ ಬಣ್ಣವನ್ನು ತೆಗೆಯುತ್ತದೆಯೇ ಹೊರತು ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಅದಕ್ಕೆ ಆರ್‌ಒ ಯಂತ್ರ ಬೇಕು, ಅದರಲ್ಲಿ ಉಳಿದ ಗಾಢ ಉಪ್ಪುನೀರನ್ನು ಕುದಿಸಿ ಆವಿ ಮಾಡಬೇಕು. ಖರ್ಚಿನ ಜಗಳವೆಲ್ಲ ಇದ್ದದ್ದು ಅಲ್ಲಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಆ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ, ಮೀಟರ್ ಅದ್ದಿಯೇ ನೋಡಬೇಕು.

ಅಂದರೆ ‘ನೀರು ತಿಳಿಯಾಗಿದೆ’ ಎಂಬುದು ನಿಜವಿರಬಹುದು, ಆದರೂ ‘ಅಪಾಯವಿಲ್ಲ’ ಎಂಬುದಕ್ಕೆ ಅದು ಆಧಾರವಲ್ಲ. ಎರಡರ ನಡುವೆ ಬಾಯಿಬಿಟ್ಟು ಹೇಳದ ಒಂದು ಮಾತು ಅಡಗಿ ಕೂತಿದೆ: ಕೊಳೆಯೆಲ್ಲ ಕಣ್ಣಿಗೆ ಕಾಣುತ್ತದೆ ಎಂಬುದು. ಆ ಮಾತು ಬಿದ್ದರೆ ಇಡೀ ವಾಕ್ಯ ಬಿದ್ದಂತೆ. ನನ್ನ ಕಾಲಂ ಆ ಮಾತನ್ನು ಹುಡುಕಲು ಯಾರಿಗೂ ಹೇಳಿರಲಿಲ್ಲ. ನಿಜವೋ ಸುಳ್ಳೋ ಎಂದು ಕೇಳಿತ್ತು, ಯಾವುದಕ್ಕೆ ಆಧಾರ ಎಂದು ಕೇಳಿರಲಿಲ್ಲ.

ಎರಡನೆಯ ವಾಕ್ಯದ ಗತಿ ಇನ್ನೂ ಕೆಟ್ಟದ್ದು. ಒಬ್ಬ ಹುಡುಗಿ ಅದನ್ನು ಆಧಾರದ ಕಾಲಂಗೆ ಹಾಕಿದ್ದಳು. ಘಟಕಗಳು ಮುಚ್ಚಿದಾಗ ತನ್ನ ತಾಯಿಗೆ ಹೊಲಿಗೆ ಕೆಲಸ ನಿಂತಿತ್ತು ಎಂದಳು. ಭಾವನೆ ಆಧಾರವಲ್ಲಮ್ಮಾ ಎಂದು ನಾನು ಬುದ್ಧಿ ಹೇಳಿದೆ. ಅವಳು ಹೇಳಿದ್ದು ಭಾವನೆಯಲ್ಲ, ಒಂದು ಸರಪಳಿ: ಬಣ್ಣವಿಲ್ಲದೆ ಬಟ್ಟೆ ಮುಂದಕ್ಕೆ ಹೋಗುವುದಿಲ್ಲ, ಬಟ್ಟೆ ಬಾರದೆ ಹೊಲಿಗೆ ನಡೆಯುವುದಿಲ್ಲ. ಅದನ್ನು ಪರೀಕ್ಷಿಸಿ ನೋಡಬಹುದಿತ್ತು. ಒಂದೇ ವಾಕ್ಯ ತಂತ್ರವೂ ಆಗಿ, ಆಧಾರವನ್ನೂ ಹೊತ್ತಿರಬಹುದು ಎಂಬುದು ನನ್ನ ಹಾಳೆಗೆ ಗೊತ್ತಿರಲಿಲ್ಲ.

ಆ ವಾರವೇ ಪ್ರಶ್ನೆಗಳನ್ನು ಬದಲಾಯಿಸಿದೆ. ಕಾಲಂ ತೆಗೆದೆ. ಮೊದಲು, ಈ ಬರಹ ನಮ್ಮಿಂದ ಒಪ್ಪಿಸಿಕೊಳ್ಳಬೇಕೆಂದಿರುವುದು ಏನು, ಒಂದೇ ವಾಕ್ಯದಲ್ಲಿ ಬರೆಯಿರಿ ಎಂದೆ. ಆಮೇಲೆ ಒಂದೊಂದು ಸಂಗತಿಯ ಪಕ್ಕದಲ್ಲೂ ಇದು ಆ ವಾಕ್ಯವನ್ನು ಎತ್ತಿ ಹಿಡಿಯಬೇಕಾದರೆ ಇನ್ನೇನನ್ನು ನಂಬಬೇಕು ಎಂದು ಕೇಳಿದೆ. ತಂತ್ರವೆನಿಸಿದ ವಾಕ್ಯವನ್ನು ಬಣ್ಣ ತೆಗೆದು ಸಪ್ಪೆಯಾಗಿ ಮತ್ತೆ ಬರೆಯಲು ಹೇಳಿದೆ. ಹೊಲಿಯುವ ಹೆಣ್ಣುಮಗಳ ವಾಕ್ಯ ‘ಘಟಕ ಮುಚ್ಚಿದರೆ ಹೊಲಿಗೆಯವರಿಗೂ ಕೆಲಸ ತಪ್ಪುತ್ತದೆ’ ಎಂದಾಯಿತು. ಉಳಿದದ್ದು ಪರೀಕ್ಷೆಗೆ ಸಿಗುವ ಮಾತು, ಹೋದದ್ದು ರಾತ್ರಿ ಮತ್ತು ಮಕ್ಕಳು. ಸಪ್ಪೆ ಮಾಡಿದ ಮೇಲೆ ಏನೂ ಉಳಿಯದಿದ್ದರೆ ಅದು ಬರೀ ತಂತ್ರ. ಏನಾದರೂ ಉಳಿದರೆ ಅದನ್ನು ಎರಡನೆಯ ಪ್ರಶ್ನೆಗೆ ಒಯ್ಯಬೇಕು.

ಈ ಪ್ರಶ್ನೆಗಳಿಗೂ ಒಂದು ರೋಗ ತಗುಲುತ್ತದೆ. ಮಕ್ಕಳಿಗೆ ರುಚಿ ಹತ್ತಿ, ಮನ ಮುಟ್ಟುವ ಪ್ರತಿ ಮಾತಿಗೂ ‘ತಂತ್ರ ಸಾರ್’ ಎನ್ನತೊಡಗುತ್ತಾರೆ. ಮುಟ್ಟುವ ಮಾತೆಲ್ಲ ಮೋಸದ ಮಾತಲ್ಲ. ಗೆರೆ ಎಳೆದು ತೋರಿಸಿದರೆ ಸಾಲದು, ಸಪ್ಪೆ ವಾಕ್ಯ ಬರೆದು ತೋರಿಸಿದವರಿಗೇ ಅಂಕ ಎಂದ ಮೇಲೆ ಅದು ಕಡಿಮೆಯಾಯಿತು.

ಹೇಳಲೇಬೇಕಾದ್ದು ಇನ್ನೊಂದಿದೆ. ನಾನು ನದಿಯ ಪಕ್ಷದವನು. ನಾನು ಕಟ್ಟಿದ ಬರಹದಲ್ಲಿ ಪೊಳ್ಳು ವಾಕ್ಯಗಳೆಲ್ಲ ಕಾರ್ಖಾನೆಯವರ ಬಾಯಲ್ಲೇ ಇದ್ದವು, ಸೋಲಲೆಂದೇ ಅವರನ್ನು ನಿಲ್ಲಿಸಿದ್ದೆ. ಅದೇ ಹುಡುಗಿ, ‘ಸಾರ್, ರೈತರು ತಂತ್ರ ಮಾಡಲ್ವಾ?’ ಎಂದು ಕೇಳಿದ ಮೇಲೆಯೇ ನನಗದು ಕಂಡದ್ದು. ಮುಂದಿನ ಭಾನುವಾರ ರೈತರ ಪರವಾದ ಬರಹ ತಂದೆ. ಅದು ‘ನೊಯ್ಯಲ್ ಸತ್ತಿದೆ’ ಎಂದು ಶುರುವಾಗುತ್ತಿತ್ತು. ಸಪ್ಪೆ ಮಾಡಿ ಎಂದೆ. ‘ಅಣೆಕಟ್ಟಿನ ನೀರು ಬೆಳೆಗೆ ಆಗುವುದಿಲ್ಲ’ ಎಂದು ಬರೆದರು. ಸಾಯಪಟ್ಟರೆಯವರ ಹುಡುಗ ಅಲ್ಲಿಗೇ ಬಿಡಲಿಲ್ಲ. ಯಾವ ತಿಂಗಳ ನೀರು, ಎಲ್ಲಿ ತೆಗೆದದ್ದು ಎಂದು ಕೇಳಿದ. ಮಳೆಗಾಲದ ಪ್ರವಾಹದಲ್ಲಿ ಉಪ್ಪು ತೆಳುವಾಗುತ್ತದೆ, ಬೇಸಿಗೆಯಲ್ಲಿ ನಿಂತ ನೀರಿನಲ್ಲಿ ಏರುತ್ತದೆ. ಒಂದು ದಿನದ ಒಂದು ಬಾಟಲಿ ನೀರು ನದಿಯ ವರ್ಷವನ್ನು ಹೇಳಲಾರದು. ನನ್ನ ಪಕ್ಷದ ಮಾತು ಅಷ್ಟು ಹೊತ್ತು ಕಟಕಟೆಯಲ್ಲಿ ನಿಂತಿದ್ದು ನನಗೆ ಹಿತವಾಗಲಿಲ್ಲ, ಆದರೆ ಆ ತರಗತಿಯಲ್ಲಿ ನಡೆದ ಒಳ್ಳೆಯ ಓದು ಅದೇ.

ಸಂಪಾದಕೀಯ ಓದಿಸುವ ಮೇಷ್ಟ್ರುಗಳಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ಒಂದನ್ನೇ ಕೊಡಬೇಡಿ, ನಿಮಗೆ ಒಪ್ಪಿಗೆಯಾಗುವುದೊಂದು, ಆಗದ್ದೊಂದು, ಎರಡನ್ನೂ ಒಂದೇ ವಾರದಲ್ಲಿ ಕೊಡಿ. ನಿಮಗೆ ಒಪ್ಪಿಗೆಯಾದದ್ದನ್ನೇ ಮೊದಲು ಕೊಡಿ.